ಎಲ್ಲವೂ ಗುಟ್ಟಾಗಿರುತ್ತದೆ ಅಂತ ಬರೆದುಕೊಡಬಹುದಾ?

ಪ್ರಶ್ನೆ: ಪೀಣ್ಯದಲ್ಲಿ ವಾಹನಗಳ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಎಚ್‌ಆರ್ ನೋಡಿಕೊಳ್ಳುತ್ತೇನೆ. ಒಟ್ಟು 140 ಜನ ಇದ್ದೇವೆ. ಕ್ವಾಲಿಟಿ ವಿಭಾಗದ ಸೀನಿಯರ್ ಇಂಜಿನಿಯರ್ ಮೇಡಂ ಆರು ವರ್ಷ ಕೆಲಸ ಮಾಡಿ ಈಗ ಬಿಡುತ್ತಿದ್ದಾರೆ. ಮೇ 2ಕ್ಕೆ ರಾಜೀನಾಮೆ ಕೊಟ್ಟರು, ಜೂನ್ 30 ಕೊನೆಯ ದಿನ. ಆ ವಿಭಾಗದಲ್ಲಿ ಇರುವುದೇ ನಾಲ್ಕು ಜನ. ಎಕ್ಸಿಟ್ ಇಂಟರ್‌ವ್ಯೂ ಮಾಡಿ ಅಂತ ಎಂ.ಡಿ. ಹೇಳಿದ್ದಾರೆ. ಕಳೆದ ವರ್ಷ ಒಬ್ಬರು ಬಿಡುವಾಗ ಹೇಳಿದ ಮಾತು ಎರಡೇ ದಿನದಲ್ಲಿ ಅವರ ಮ್ಯಾನೇಜರ್ ಕಿವಿಗೆ ಬಿತ್ತು. ಆಮೇಲಿಂದ ಯಾರೂ ಬಾಯಿ ಬಿಡುತ್ತಿಲ್ಲ. ಇವರನ್ನು ಯಾವಾಗ, ಹೇಗೆ ಕರೆಯಲಿ? ಎಲ್ಲವೂ ಗುಟ್ಟಾಗಿರುತ್ತದೆ ಅಂತ ಬರೆದುಕೊಡಬಹುದಾ?

ಉತ್ತರ: ಬರೆದುಕೊಡಿ, ಆದರೆ "ಎಲ್ಲವೂ" ಅನ್ನುವ ಮಾತು ಬೇಡ. ಅದನ್ನು ನೀವು ಉಳಿಸಿಕೊಳ್ಳಲು ಆಗುವುದಿಲ್ಲ. ಕಳೆದ ವರ್ಷದ ಕಥೆ ಗೊತ್ತಿರುವ ಮೇಡಂ ಅದನ್ನು ನಂಬುವುದೂ ಇಲ್ಲ. ಯಾರಿಗೆ ಏನು ಹೋಗುತ್ತದೆ, ಯಾರಿಗೆ ಹೋಗುವುದಿಲ್ಲ, ಯಾವುದನ್ನು ಮಾತ್ರ ನನ್ನ ಕೈಯಲ್ಲಿ ಇಟ್ಟುಕೊಳ್ಳಲು ಆಗುವುದಿಲ್ಲ, ಈ ಮೂರನ್ನು ಬಿಡಿಸಿ ಬರೆಯಿರಿ. ಅಷ್ಟಿದ್ದರೆ ಅವರು ಏನು ಹೇಳಬೇಕು, ಏನು ಬಿಡಬೇಕು ಅಂತ ತಾವೇ ತೀರ್ಮಾನ ಮಾಡಿಕೊಳ್ಳುತ್ತಾರೆ.

ಹಾಗೆ ಬರೆಯಬೇಕಾದರೆ ಮೊದಲು ಹೋಗಬೇಕಾದದ್ದು ಮೇಡಂ ಹತ್ತಿರ ಅಲ್ಲ, ಎಂ.ಡಿ. ಹತ್ತಿರ. ನಿಮ್ಮಲ್ಲಿ ಕಳೆದ ವರ್ಷ ಮಾತು ಹೊರಗೆ ಹೋಗಿದ್ದು ಯಾರದೋ ಬಾಯಿ ಸಡಿಲ ಅಂತಲೇ ಇರಬೇಕಿಲ್ಲ. ನಾನು ನೋಡಿದ ಹೆಚ್ಚಿನ ಕಡೆ ಇದು ನಡೆಯುವುದು ಹೀಗೆ: ಎಚ್‌ಆರ್ ಒಳ್ಳೆಯ ಮನಸ್ಸಿನಿಂದ ನೋಟ್ಸ್ ಬರೆದು ಎಂ.ಡಿ.ಗೆ ಮೇಲ್ ಮಾಡುತ್ತಾರೆ. ಎಂ.ಡಿ. ಅದನ್ನು "ಇದೇನು ನೋಡಿ" ಅಂತ ಮ್ಯಾನೇಜರ್‌ಗೆ ಫಾರ್ವರ್ಡ್ ಮಾಡುತ್ತಾರೆ. ಯಾರೂ ಕೆಟ್ಟವರಲ್ಲ. ಯಾರು ಓದಬಹುದು ಅಂತ ಮೊದಲೇ ಮಾತಾಗಿರಲಿಲ್ಲ, ಅಷ್ಟೇ. ಹಾಗಾಗಿ ಎಂ.ಡಿ. ಜೊತೆ ಹತ್ತು ನಿಮಿಷ ಕೂತು ಮೂರು ವಿಷಯ ಇತ್ಯರ್ಥ ಮಾಡಿಕೊಳ್ಳಿ. ನೋಟ್ಸ್ ನಿಮ್ಮ ಹತ್ತಿರ ಮಾತ್ರ ಇರುತ್ತದೆ. ಎಂ.ಡಿ.ಗೆ ಸಾರಾಂಶ ಮಾತ್ರ ಸಿಗುತ್ತದೆ, ಅದೂ ಮೇಡಂ ಬಿಟ್ಟು ಹೋದ ಮೇಲೆ. ಕ್ವಾಲಿಟಿ ಮ್ಯಾನೇಜರ್‌ಗೆ ಕಾಗದ ರೂಪದಲ್ಲಿ ಏನೂ ಹೋಗುವುದಿಲ್ಲ. ಇಷ್ಟನ್ನು ನಾಲ್ಕು ಸಾಲಿನ ಮೇಲ್ ಮಾಡಿ ಎಂ.ಡಿ. ಕಡೆಯಿಂದ "ಸರಿ" ಅಂತ ಉತ್ತರ ತರಿಸಿಕೊಳ್ಳಿ. ಅವರು ಒಪ್ಪದೆ "ನನಗೆ ಪೂರ್ತಿ ನೋಟ್ಸ್ ಬೇಕು" ಅಂದರೆ ಅದೂ ಆಗಬಹುದು. ಆಗ ಮೇಡಂಗೂ ಹಾಗೇ ಹೇಳಿ. ಎಂ.ಡಿ. ಓದುತ್ತಾರೆ ಅಂತ ಗೊತ್ತಿದ್ದೇ ಮಾತಾಡುವುದು ಒಂದು ತರಹ, ಗೊತ್ತಿಲ್ಲದೆ ಮಾತಾಡುವುದು ಇನ್ನೊಂದು ತರಹ.

ಇನ್ನು ನಾಲ್ಕು ಜನರ ವಿಭಾಗದ ತೊಂದರೆ. ಇದು ನಿಮ್ಮ ಪ್ರಶ್ನೆಯಲ್ಲಿ ನಿಜವಾಗಿ ಗಟ್ಟಿ ಭಾಗ. ದೊಡ್ಡ ಕಂಪನಿಗಳಲ್ಲಿ ಹಲವು ಜನರ ಮಾತನ್ನು ಒಟ್ಟು ಸೇರಿಸಿ ವರದಿ ಮಾಡುತ್ತಾರೆ. ಐದಕ್ಕಿಂತ ಕಡಿಮೆ ಜನರ ಗುಂಪನ್ನು ಬೇರೆಯಾಗಿ ತೋರಿಸದೆ ಇರುವುದು ಅಲ್ಲಿ ಸಾಮಾನ್ಯ ಪದ್ಧತಿ. ನಿಮ್ಮಲ್ಲಿ ಈ ವರ್ಷ ಕ್ವಾಲಿಟಿಯಿಂದ ಹೋಗುತ್ತಿರುವವರು ಇವರೊಬ್ಬರೇ ಇರಬಹುದು. "ಕ್ವಾಲಿಟಿ ವಿಭಾಗದ ಒಬ್ಬರು ಹೀಗೆ ಹೇಳಿದರು" ಅಂದರೆ ಹೆಸರು ಬರೆದ ಹಾಗೇ ಆಯಿತು, ಅಲ್ವಾ? ಆದ್ದರಿಂದ "ಹೆಸರು ಹೇಳುವುದಿಲ್ಲ" ಅನ್ನುವ ಭರವಸೆಯನ್ನು ಇವರಿಗೆ ಕೊಡಬೇಡಿ. "ಹೆಸರು ಹೇಳದಿದ್ದರೂ ನಿಮ್ಮ ವಿಭಾಗದಲ್ಲಿ ಊಹೆ ಮಾಡಿಬಿಡುತ್ತಾರೆ" ಅಂತ ನೇರವಾಗಿ ಹೇಳಿ.

ಅದರ ಬದಲು ಕೊಡಬಹುದಾದ್ದು ಒಂದಿದೆ. ಮಾತಿನ ಕೊನೆಯಲ್ಲಿ ನೀವು ಬರೆದುಕೊಂಡಿದ್ದನ್ನು ಅವರಿಗೇ ಓದಿ ತೋರಿಸಿ. ಪ್ರತಿ ಅಂಶದ ಮುಂದೆ ಅವರ ಮಾತಿನಂತೆ ಗುರುತು ಹಾಕಿ. ಕೆಲವನ್ನು "ನನ್ನ ಹೆಸರಲ್ಲೇ ಹೇಳಿ" ಅನ್ನುತ್ತಾರೆ. ಸಂಬಳ, ಪ್ರಯಾಣ, ಶಿಫ್ಟ್ ಇಂಥವು ಸಾಮಾನ್ಯವಾಗಿ ಇದರಲ್ಲಿ ಬರುತ್ತವೆ. ಕೆಲವನ್ನು "ಈಗ ಬೇಡ, ಬೇರೆಯವರೂ ಹೇಳಿದರೆ ಅದರ ಜೊತೆ ಸೇರಿಸಿ" ಅನ್ನುತ್ತಾರೆ. ಇವನ್ನು ಆರು ತಿಂಗಳೋ ವರ್ಷವೋ ಇಟ್ಟುಕೊಂಡು, ಇಡೀ ಕಾರ್ಖಾನೆಯಿಂದ ಹೋದವರ ಮಾತಿನ ಜೊತೆ ಸೇರಿಸಿ ಹೇಳಬಹುದು. ಉಳಿದದ್ದು "ನಿಮಗೆ ಮಾತ್ರ". ಅದನ್ನು ಅವರ ಎದುರಿಗೇ ಹೊಡೆದುಹಾಕಿ. ಹೀಗೆ ಮಾಡಿದರೆ ವರದಿ ಸಣ್ಣದಾಗುತ್ತದೆ, ಆದರೆ ಅದರಲ್ಲಿ ಇರುವುದೆಲ್ಲ ಅವರು ಒಪ್ಪಿ ಕೊಟ್ಟದ್ದು.

ದಿನದ ವಿಷಯಕ್ಕೆ ಬರೋಣ. ಕೊನೆಯ ದಿನ ಬೇಡವೇ ಬೇಡ. ಜೂನ್ 30ರಂದು ಅವರು ನೋ ಡ್ಯೂಸ್ ಫಾರ್ಮ್ ಹಿಡಿದುಕೊಂಡು ಸ್ಟೋರ್ಸ್, ಅಕೌಂಟ್ಸ್, ಐಟಿ, ಸೆಕ್ಯುರಿಟಿ ಅಂತ ಸಹಿಗೆ ಅಲೆಯುತ್ತಿರುತ್ತಾರೆ. ಸಂಜೆಗೆ ಕೇಕು, ಫೋಟೋ ಬೇರೆ. ಆ ನಡುವೆ ಕೂರಿಸಿಕೊಂಡು "ಯಾಕೆ ಬಿಡ್ತಿದ್ದೀರಿ" ಅಂದರೆ "ಒಳ್ಳೆ ಅವಕಾಶ ಸಿಕ್ತು" ಅನ್ನುವ ಒಂದೇ ಉತ್ತರ ಬರುತ್ತದೆ. ಜೊತೆಗೆ ರಿಲೀವಿಂಗ್ ಲೆಟರ್ ಇನ್ನೂ ನಿಮ್ಮ ಮೇಜಿನ ಮೇಲೆ ಇದ್ದರೆ, ನೀವು ಹೇಳದಿದ್ದರೂ ಅದೇ ಅವರ ಬಾಯಿ ಕಟ್ಟುತ್ತದೆ. ರಾಜೀನಾಮೆ ಕೊಟ್ಟ ಮೊದಲ ವಾರವೂ ಸರಿಯಲ್ಲ. ಆಗ ಎಲ್ಲರಿಗೂ ಅವರನ್ನು ಉಳಿಸಿಕೊಳ್ಳುವ ಯೋಚನೆ ಇರುತ್ತದೆ, ಹೇಳಿದ್ದೆಲ್ಲ ಚೌಕಾಸಿ ಥರ ಕೇಳಿಸುತ್ತದೆ.

ನಿಮ್ಮ ಲೆಕ್ಕದಲ್ಲಿ ನಾನಾದರೆ ಜೂನ್ 18ರ ಆಸುಪಾಸು ಇಡುತ್ತೇನೆ. ಆ ಹೊತ್ತಿಗೆ ಉಳಿಸಿಕೊಳ್ಳುವ ಮಾತು ಮುಗಿದಿರುತ್ತದೆ. ಹ್ಯಾಂಡೋವರ್ ಮುಕ್ಕಾಲು ಆಗಿರುತ್ತದೆ. ಮಾತಾಡಿದ ಮೇಲೆ ಏನಾದರೂ ನೆನಪಾದರೆ ಇನ್ನೊಮ್ಮೆ ಬಂದು ಹೇಳಲು ಹನ್ನೆರಡು ದಿನ ಉಳಿದಿರುತ್ತದೆ. ಇದಕ್ಕಿಂತ ಮುಂಚೆ ಇಟ್ಟರೆ, ಮಾತಾಡಿದ ಮೇಲೂ ಅದೇ ಮ್ಯಾನೇಜರ್ ಕೈಕೆಳಗೆ ತಿಂಗಳು ಕಳೆಯಬೇಕಲ್ಲ ಅನ್ನುವ ಭಯ ಅವರಿಗೆ ಇದ್ದೇ ಇರುತ್ತದೆ.

ಅದಕ್ಕೂ ಮುಂಚೆ ದುಡ್ಡಿನ ಮಾತು ಮುಗಿಸಿ. ಆರು ವರ್ಷ ಆಗಿರುವುದರಿಂದ ಅವರಿಗೆ ಗ್ರಾಚುಟಿ ಬರುತ್ತದೆ, ಬರಬೇಕಾದ ದಿನದಿಂದ 30 ದಿನದೊಳಗೆ ಕೊಡಬೇಕು. ವೇತನ ಸಂಹಿತೆಯ ಪ್ರಕಾರ ಬಾಕಿ ಸಂಬಳವನ್ನು ಕೆಲಸ ಬಿಟ್ಟ ಎರಡು ಕೆಲಸದ ದಿನದೊಳಗೆ ಕೊಡಬೇಕು. ಪಿಎಫ್ ಖಾತೆಯಲ್ಲಿ ಬಿಟ್ಟ ದಿನಾಂಕ ಹಾಕುವ ಕೆಲಸವೂ ನಿಮ್ಮದೇ. ಇವುಗಳಲ್ಲಿ ಒಂದಕ್ಕೂ ಎಕ್ಸಿಟ್ ಇಂಟರ್‌ವ್ಯೂಗೂ ಸಂಬಂಧ ಇಲ್ಲ. ಲೆಕ್ಕದ ಹಾಳೆಯನ್ನು ಜೂನ್ 15ರ ಒಳಗೆ ಅವರ ಕೈಗೆ ಕೊಟ್ಟುಬಿಡಿ. ನಿಮ್ಮ ನೋ ಡ್ಯೂಸ್ ಫಾರ್ಮ್‌ನಲ್ಲಿ "ಎಕ್ಸಿಟ್ ಇಂಟರ್‌ವ್ಯೂ ಆಗಿದೆ" ಅಂತ ಒಂದು ಸಾಲು ಇದ್ದರೆ ತೆಗೆಸಿ. ಆ ಸಾಲು ಇರುವವರೆಗೆ "ಬರುವುದು ನಿಮ್ಮ ಇಷ್ಟ" ಅನ್ನುವ ಮಾತಿಗೆ ಬೆಲೆ ಇಲ್ಲ.

ಸಣ್ಣ ವಿಷಯ, ಆದರೆ ಗುಟ್ಟು ಹೆಚ್ಚಾಗಿ ಸೋರುವುದು ಇಲ್ಲೇ: ಕ್ಯಾಲೆಂಡರ್. ನೀವು "ಎಕ್ಸಿಟ್ ಇಂಟರ್‌ವ್ಯೂ" ಅಂತ ಹೆಸರು ಹಾಕಿ ಇನ್ವೈಟ್ ಕಳಿಸಿದರೆ, ಕ್ಯಾಲೆಂಡರ್ ಹಂಚಿಕೊಂಡಿರುವ ಇಡೀ ತಂಡಕ್ಕೆ ದಿನ, ಸಮಯ ಎಲ್ಲ ಕಾಣುತ್ತದೆ. ಮ್ಯಾನೇಜರ್ ಹಿಂದಿನ ದಿನವೇ ಬಂದು "ಏನು ಹೇಳ್ತೀಯಾ ನಾಳೆ" ಅಂತ ನಗುತ್ತಾ ಕೇಳಬಹುದು. ಇನ್ವೈಟ್‌ಗೆ ಸುಮ್ನೆ "ಭೇಟಿ" ಅಂತ ಹೆಸರಿಟ್ಟು `Private` ಆಯ್ಕೆ ಮಾಡಿ. ನಿಮ್ಮ ಕ್ಯಾಬಿನ್‌ಗೆ ಗಾಜಿನ ಗೋಡೆ ಇದ್ದರೆ ಅಲ್ಲಿ ಬೇಡ. ಶಾಪ್ ಫ್ಲೋರ್‌ಗೆ ಹತ್ತಿರದ ಕೋಣೆಯೂ ಬೇಡ. ಟ್ರೈನಿಂಗ್ ರೂಮ್ ಖಾಲಿ ಇದ್ದರೆ ಅದು ಒಳ್ಳೆಯದು. ಮುಕ್ಕಾಲು ಗಂಟೆ ಹಿಡಿಯುತ್ತದೆ, ಆದರೆ ಕೋಣೆಯನ್ನು ಒಂದು ಗಂಟೆಗೆ ಹಿಡಿದುಕೊಳ್ಳಿ. ಇಬ್ಬರೇ ಇರಬೇಕು. ಮ್ಯಾನೇಜರ್ "ನಾನೂ ಬರ್ತೀನಿ, ಕೇಳಿಸಿಕೊಳ್ಳೋಣ" ಅಂದರೆ ಎಂ.ಡಿ. ಜೊತೆ ಆದ ಮೇಲ್ ತೋರಿಸಿ.

ಮೊದಲು ಬಾಯಲ್ಲಿ ಕೇಳಿ, ಆಮೇಲೆ ಮೇಲ್ ಕಳಿಸಿ. ಇದ್ದಕ್ಕಿದ್ದಂತೆ ಎಚ್‌ಆರ್‌ನಿಂದ ಮೇಲ್ ಬಂದರೆ ಯಾರಾದರೂ ಗಾಬರಿಯಾಗುತ್ತಾರೆ. ಜೂನ್ 10 ಅಥವಾ 11ಕ್ಕೆ ಊಟದ ಹೊತ್ತಲ್ಲಿ ಸಿಕ್ಕಾಗ, "ಮೇಡಂ, ಹೋಗುವ ಮುಂಚೆ ಒಂದು ಮುಕ್ಕಾಲು ಗಂಟೆ ನಿಮ್ಮ ಹತ್ತಿರ ಮಾತಾಡಬೇಕು ಅಂತಿದೆ. ಏನಕ್ಕೆ, ಯಾರಿಗೆ ಹೋಗುತ್ತೆ ಅಂತ ಮೇಲಲ್ಲಿ ಬರೆದು ಕಳಿಸ್ತೀನಿ. ಓದಿ, ಬೇಡ ಅನಿಸಿದರೆ ಬೇಡ ಅನ್ನಿ" ಅಂತ ಹೇಳಿದರೆ ಸಾಕು. ಮೇಲ್ ಹೀಗಿರಬಹುದು:

"ನಮಸ್ಕಾರ ಮೇಡಂ,

ನಿನ್ನೆ ಹೇಳಿದ ಭೇಟಿಯ ವಿಷಯ. ಜೂನ್ 18 ಮಧ್ಯಾಹ್ನ 3 ಗಂಟೆಗೆ ಟ್ರೈನಿಂಗ್ ರೂಮಿನಲ್ಲಿ ಕೂರೋಣ ಅಂತ ಇದ್ದೇನೆ. ನಿಮಗೆ ಆಗದಿದ್ದರೆ 19 ಅಥವಾ 22, ನೀವು ಹೇಳಿದ ಹೊತ್ತಿಗೆ. ನಾನೊಬ್ಬನೇ ಇರುತ್ತೇನೆ. ರೆಕಾರ್ಡ್ ಮಾಡುವುದಿಲ್ಲ, ಕೈಯಲ್ಲಿ ಬರೆದುಕೊಳ್ಳುತ್ತೇನೆ.

ಕ್ವಾಲಿಟಿ ವಿಭಾಗದ ಕೆಲಸ ಹೇಗೆ ನಡೆಯುತ್ತಿದೆ, ನಿಮ್ಮ ಜಾಗಕ್ಕೆ ಬರುವವರಿಗೆ ಏನು ಬದಲಾಗಿದ್ದರೆ ಒಳ್ಳೆಯದಿತ್ತು ಅಂತ ತಿಳಿದುಕೊಳ್ಳುವುದು ಉದ್ದೇಶ. ನಿಮ್ಮ ಕೆಲಸವನ್ನು ಅಳೆಯಲು ಅಲ್ಲ. ರಾಜೀನಾಮೆ ವಾಪಸ್ ತೆಗೆದುಕೊಳ್ಳಿ ಅಂತ ಕೇಳಲೂ ಅಲ್ಲ.

ನೋಟ್ಸ್ ನನ್ನ ಹತ್ತಿರ ಮಾತ್ರ ಇರುತ್ತದೆ, ನಿಮ್ಮ ಪರ್ಸನಲ್ ಫೈಲಿಗೆ ಹೋಗುವುದಿಲ್ಲ. ಎಂ.ಡಿ.ಯವರಿಗೆ ಜುಲೈನಲ್ಲಿ ಒಂದು ಸಾರಾಂಶ ಕೊಡುತ್ತೇನೆ. ಅದರಲ್ಲಿ ಏನು ಬರೆಯಬೇಕು, ಏನು ಬಿಡಬೇಕು ಅಂತ ಕೊನೆಯಲ್ಲಿ ನಿಮ್ಮನ್ನೇ ಕೇಳುತ್ತೇನೆ. ನಿಮ್ಮ ಮ್ಯಾನೇಜರ್‌ಗೆ ನೋಟ್ಸ್ ಆಗಲಿ ಸಾರಾಂಶ ಆಗಲಿ ಹೋಗುವುದಿಲ್ಲ. ನಿಮ್ಮ ವಿಭಾಗ ಚಿಕ್ಕದು, ಹಾಗಾಗಿ ಹೆಸರು ಬಿಟ್ಟರೂ ಮಾತು ಯಾರದು ಅಂತ ಊಹಿಸಬಹುದು. ಇದನ್ನು ಮನಸ್ಸಲ್ಲಿಟ್ಟುಕೊಂಡು ಮಾತಾಡಿ.

ಯಾರದಾದರೂ ಜೀವಕ್ಕೆ ಅಪಾಯ, ಕಿರುಕುಳ, ಮೋಸ, ಸುಳ್ಳು ದಾಖಲೆ ಇಂಥ ವಿಷಯ ಬಂದರೆ ಅದನ್ನು ನಾನು ನನ್ನಲ್ಲೇ ಇಟ್ಟುಕೊಳ್ಳಲು ಆಗುವುದಿಲ್ಲ. ಯಾರಿಗೆ, ಹೇಗೆ ಹೇಳುತ್ತೇನೆ ಅಂತ ಮೊದಲು ನಿಮಗೆ ತಿಳಿಸಿ ಮುಂದುವರಿಯುತ್ತೇನೆ.

ಬರುವುದು, ಬಿಡುವುದು ನಿಮ್ಮ ಇಷ್ಟ. ಬಂದ ಮೇಲೂ ಯಾವ ಪ್ರಶ್ನೆಗಾದರೂ ಉತ್ತರ ಬೇಡ ಅನ್ನಬಹುದು. ರಿಲೀವಿಂಗ್ ಲೆಟರ್, ಫುಲ್ ಅಂಡ್ ಫೈನಲ್, ಮುಂದೆ ಬೇರೆ ಕಂಪನಿಯವರು ನಿಮ್ಮ ಬಗ್ಗೆ ವಿಚಾರಿಸಿದಾಗ ನಾವು ಕೊಡುವ ಉತ್ತರ, ಇವುಗಳಿಗೂ ಈ ಮಾತುಕತೆಗೂ ಸಂಬಂಧ ಇಲ್ಲ."

ಕೊನೆಯ ಸಾಲು ಬಿಡಬೇಡಿ. ಬೆಂಗಳೂರಿನಲ್ಲಿ ಜನ ಬಾಯಿ ಮುಚ್ಚಿಕೊಂಡು ಹೋಗಲು ದೊಡ್ಡ ಕಾರಣವೇ ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್. ಹೊಸ ಕಂಪನಿಯವರು ಫೋನ್ ಮಾಡಿದಾಗ ಹಳೆಯ ಎಚ್‌ಆರ್ ಏನು ಹೇಳುತ್ತಾರೋ ಅನ್ನುವ ಅಳುಕು. ಹುದ್ದೆ, ಸೇರಿದ ದಿನ, ಬಿಟ್ಟ ದಿನ ಇಷ್ಟೇ ಹೇಳುತ್ತೇವೆ ಅಂತ ನಿಮ್ಮಲ್ಲಿ ನಿಯಮ ಇದ್ದರೆ ಅದನ್ನೂ ಸೇರಿಸಿ. ನಿಯಮ ಇಲ್ಲದಿದ್ದರೆ ಎಂ.ಡಿ. ಜೊತೆ ಕೂತಾಗ ಅದನ್ನೂ ಇತ್ಯರ್ಥ ಮಾಡಿಕೊಳ್ಳಿ.

ಈಗ ಆ "ನನ್ನಲ್ಲೇ ಇಟ್ಟುಕೊಳ್ಳಲು ಆಗುವುದಿಲ್ಲ" ಅನ್ನುವ ಭಾಗ. ಕ್ವಾಲಿಟಿ ವಿಭಾಗದವರು ಬಿಡುವಾಗ ಒಂದು ಮಾತು ಬರುವ ಸಂಭವ ಜಾಸ್ತಿ, ಅದನ್ನೇ ತೆಗೆದುಕೊಳ್ಳೋಣ. ಮೇಡಂ ಹೀಗೆ ಹೇಳಿದರು ಅಂದುಕೊಳ್ಳಿ: "ತಿಂಗಳ ಕೊನೆಯಲ್ಲಿ ಡಿಸ್ಪ್ಯಾಚ್ ಒತ್ತಡ ಬಂದಾಗ ಅಳತೆ ಮಾಡದ ಲಾಟಿಗೂ ಫೈನಲ್ ಇನ್‌ಸ್ಪೆಕ್ಷನ್ ರಿಪೋರ್ಟಿಗೆ ಸಹಿ ಹಾಕಿಸುತ್ತಾರೆ. ನನಗೆ ಅದೇ ಸಾಕಾಗಿದ್ದು. ಆದರೆ ನಾನು ಹೇಳಿದೆ ಅಂತ ಗೊತ್ತಾಗಬಾರದು." ಆ ಬಿಡಿಭಾಗ ಯಾವುದೋ ಗಾಡಿಯ ಬ್ರೇಕಿಗೆ ಹೋಗುತ್ತಿರಬಹುದು. ಇದನ್ನು ಹೊಡೆದುಹಾಕುವ ಹಾಗಿಲ್ಲ. ಹಾಗೆಂದು "ಮೇಡಂ ಹೀಗೆ ಹೇಳಿದರು" ಅಂತ ಎಂ.ಡಿ. ಮುಂದೆ ಇಟ್ಟರೆ ಅವರನ್ನು ಹಿಡಿದುಕೊಟ್ಟ ಹಾಗಾಗುತ್ತದೆ, ಮೇಲಾಗಿ ಮ್ಯಾನೇಜರ್ "ಬಿಟ್ಟು ಹೋಗುವವರ ಹೊಟ್ಟೆಕಿಚ್ಚು" ಅಂದುಬಿಡುತ್ತಾರೆ.

ಇಲ್ಲಿ ಮಾಡಬೇಕಾದ್ದು ಮಾತನ್ನು ದಾಖಲೆಯಲ್ಲಿ ಹುಡುಕುವುದು. ಅಳತೆ ಮಾಡಿದ್ದರೆ ಗೇಜ್ ಹೊರಗೆ ಹೋಗಿರಬೇಕು, ಗೇಜ್ ಕೊಟ್ಟ ರಿಜಿಸ್ಟರಿನಲ್ಲಿ ಅದರ ಗುರುತು ಇರಬೇಕು. ಹಾಗಾಗಿ ಇಡೀ ಕಾರ್ಖಾನೆಯ ಇಂಟರ್ನಲ್ ಆಡಿಟ್‌ನಲ್ಲಿ ಕಳೆದ ಮೂರು ತಿಂಗಳ ಇನ್‌ಸ್ಪೆಕ್ಷನ್ ರಿಪೋರ್ಟುಗಳನ್ನು ಗೇಜ್ ರಿಜಿಸ್ಟರ್ ಜೊತೆ, ಲಾಟ್ ಪ್ಯಾಕ್ ಆದ ಸಮಯದ ಜೊತೆ ಹೋಲಿಸಿ ನೋಡಬೇಕು ಅಂತ ಎಂ.ಡಿ.ಗೆ ಹೇಳಬಹುದು. ಐವತ್ತು ತುಂಡುಗಳ ಅಳತೆ ಹತ್ತು ನಿಮಿಷದಲ್ಲಿ ಮುಗಿದಿದೆ, ಎಲ್ಲ ಓದುಗಳೂ ಒಂದೇ ಅಂಕಿಯ ಆಸುಪಾಸಿನಲ್ಲಿವೆ ಅಂದರೆ ಕಾಗದವೇ ಮಾತಾಡುತ್ತದೆ. ಆಡಿಟ್ ಯಾಕೆ ಬಂತು ಅನ್ನುವ ಅನುಮಾನ ಬಂದೇ ಬರಬಹುದು. ಅದಕ್ಕೇ ಜೂನ್ 30 ಕಳೆದ ಮೇಲೆ, ಎರಡು ಮೂರು ವಿಭಾಗ ಸೇರಿಸಿ ಶುರು ಮಾಡುವುದು ಒಳ್ಳೆಯದು. ಆದರೆ ಮಾಡದೆ ಬಿಟ್ಟ ಅಳತೆ ಸುರಕ್ಷತೆಗೆ ಸಂಬಂಧಿಸಿದ್ದಾದರೆ ಕಾಯಬೇಡಿ. ಸ್ಟಾಕಿನಲ್ಲಿರುವ ಲಾಟ್ ಅಂದೇ ನಿಲ್ಲಿಸಬೇಕು, ಈಗಾಗಲೇ ಹೋಗಿರುವ ಲಾಟಿನ ವಿಷಯ ಎಂ.ಡಿ.ಗೆ ಅಂದೇ ತಿಳಿಯಬೇಕು. ಈ ಎರಡು ದಾರಿಗಳನ್ನೂ ಆ ಕೋಣೆಯಲ್ಲೇ ಮೇಡಂಗೆ ಹೇಳಿ, ಅವರು ಎದ್ದು ಹೋಗುವ ಮುಂಚೆ.

ಲೈಂಗಿಕ ಕಿರುಕುಳದ ಮಾತು ಬಂದರೆ ನೀವು ವಿಚಾರಣೆಗೆ ಇಳಿಯಬೇಡಿ. ಅದು 2013ರ ಕಾಯ್ದೆಯಡಿ ಇರುವ ಆಂತರಿಕ ಸಮಿತಿಯ ಕೆಲಸ. ಹತ್ತು ಅಥವಾ ಹೆಚ್ಚು ಜನ ಇರುವ ಕಡೆ ಆ ಸಮಿತಿ ಇರಲೇಬೇಕು, ನಿಮ್ಮಲ್ಲೂ ಇರಬೇಕು. ಘಟನೆ ಆದ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ಸರಿಯಾದ ಕಾರಣ ಇದ್ದರೆ ಸಮಿತಿ ಇನ್ನೂ ಮೂರು ತಿಂಗಳವರೆಗೆ ಸಮಯ ಕೊಡಬಹುದು. ಕೆಲಸ ಬಿಟ್ಟ ಮಾತ್ರಕ್ಕೆ ದೂರು ಕೊಡುವ ಹಕ್ಕು ಹೋಗುವುದಿಲ್ಲ, ಇದನ್ನು ಅವರಿಗೆ ಹೇಳಿ. ಬರೆಯಲು ಕಷ್ಟವಾದರೆ ಸಮಿತಿಯವರು ನೆರವು ಕೊಡಬೇಕು ಅನ್ನುವುದನ್ನೂ ಹೇಳಿ. ದೂರಿನ ವಿವರ ಹೊರಗೆ ಬಿಡಬಾರದು ಅಂತ ಆ ಕಾಯ್ದೆಯಲ್ಲೇ ಇದೆ, ಹಾಗಾಗಿ ನಿಮ್ಮ ಸಾರಾಂಶದಲ್ಲಿ ಅದರ ಸುಳಿವೂ ಇರಬಾರದು.

ನೋಟ್ಸ್ ಬರೆಯುವಾಗ ಒಂದು ಎಚ್ಚರ. ಅವರ ಮಾತನ್ನು ಇದ್ದ ಹಾಗೇ ಸಾರಾಂಶಕ್ಕೆ ಇಳಿಸಬೇಡಿ. ಪ್ರತಿಯೊಬ್ಬರಿಗೂ ತಮ್ಮದೇ ಒಂದು ಮಾತಿನ ಶೈಲಿ ಇರುತ್ತದೆ. "ಎಲ್ಲಾ ಮಂಗಳವಾರ ಮೀಟಿಂಗಲ್ಲಿ ನನ್ನ ಚಾರ್ಟ್ ಪಕ್ಕಕ್ಕೆ ಸರಿಸ್ತಾರೆ" ಅಂದರೆ ಯಾರ ಮಾತು ಅಂತ ಕಾರ್ಖಾನೆಗೆಲ್ಲ ಗೊತ್ತು. "ಅಳತೆಯ ಅಂಕಿ ನೋಡದೆ ತೀರ್ಮಾನ ಆಗುತ್ತಿದೆ" ಅಂದರೆ ವಿಷಯ ಅದೇ, ಮಾತಾಡಿದವರು ಕಾಣುವುದಿಲ್ಲ. ಪ್ರಶ್ನೆಗಳ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಐದಾರು ಸಾಕು. "ಬಿಡಬೇಕು ಅಂತ ಮೊದಲ ಸಲ ಅನಿಸಿದ್ದು ಯಾವಾಗ, ಆ ವಾರ ಏನಾಗಿತ್ತು" ಅನ್ನುವುದು ಮಾತ್ರ ಇರಲಿ. ಯಾಕೆ ಬಿಡ್ತೀರಿ ಅಂದರೆ ಸಿದ್ಧ ಉತ್ತರ ಬರುತ್ತದೆ, ಯಾವಾಗ ಅಂದರೆ ಘಟನೆ ಬರುತ್ತದೆ. ಸಾರಾಂಶ ಕೊಟ್ಟ ಮೇಲೆ, ದೂರಿಗೋ ತನಿಖೆಗೋ ಬೇಕಾಗಿಲ್ಲದ ಕೈಬರಹದ ನೋಟ್ಸನ್ನು ಎಷ್ಟು ದಿನ ಇಡುತ್ತೀರಿ ಅಂತಲೂ ಅವರಿಗೆ ಹೇಳಿ, ಆ ದಿನ ಹರಿದು ಹಾಕಿ.

ಅವರು ಬರುವುದಿಲ್ಲ ಅಂದರೆ "ಆಸಕ್ತಿ ಇಲ್ಲ" ಅಂತ ಬರೆದುಕೊಂಡು ಸುಮ್ಮನಾಗಿ. ಕಾರಣ ಕೇಳಬೇಡಿ. ಕೆಲವರು ಹೊಸ ಕೆಲಸಕ್ಕೆ ಸೇರಿ, ಗ್ರಾಚುಟಿ ಬ್ಯಾಂಕಿಗೆ ಬಿದ್ದು, ವೆರಿಫಿಕೇಶನ್ ಮುಗಿದ ಮೇಲೆ ಮಾತಾಡುತ್ತಾರೆ. "ಸೆಪ್ಟೆಂಬರ್‌ನಲ್ಲಿ ಒಂದು ಸಲ ಫೋನ್ ಮಾಡಲಾ?" ಅಂತ ಈಗಲೇ ಕೇಳಿ ಇಟ್ಟುಕೊಳ್ಳಿ. ಹೂಂ ಅಂದರೆ ಅವರ ಸ್ವಂತ ನಂಬರಿಗೆ, ಕೆಲಸದ ಹೊತ್ತು ಬಿಟ್ಟು, ಒಂದು ಸಲ ಮಾಡಿ. ಎತ್ತದಿದ್ದರೆ ಮತ್ತೆ ಮಾಡಬೇಡಿ.